ಹುಬ್ಬಿನ ಮೂರು ಕೂದಲು

ಸಂಶಯ ನನ್ನ ಹುಟ್ಟುಗುಣ. ಮೂಡಲಪಾಳ್ಯದಲ್ಲಿ ಕ್ಲಿನಿಕ್ ಇಟ್ಟ ಮೇಲೆ ಅದು ಇನ್ನಷ್ಟು ಬಲಿಯಿತು. ವಾಟ್ಸಾಪ್ ಬಂದಮೇಲಂತೂ ಕೇಳುವುದೇ ಬೇಡ. ಬೆಳಗ್ಗೆ ಎದ್ದರೆ ಯಾರದೋ ಕಾಲು, ಯಾರದೋ ಬೆನ್ನು, ಕೆಳಗೆ ಒಂದೇ ಮಾತು: 'ಇದೇನು?' ಯಾರಿಗೆ, ಎಷ್ಟು ದಿನದಿಂದ, ನೋವೋ ತುರಿಕೆಯೋ, ಒಂದೂ ಇರುವುದಿಲ್ಲ. ಒಮ್ಮೆ ನಮ್ಮ ನೆಂಟರ ಕಾಲಿನ ಫೋಟೋ ನೋಡಿ 'ಸೊಳ್ಳೆ ಕಚ್ಚಿರಬೇಕು' ಎಂದುಬಿಟ್ಟೆ. ಅದು ಕೀವಿನ ಗಡ್ಡೆಯಾಗಿ ಕೊಯ್ಯಬೇಕಾಯಿತು. ಆ ನೆಂಟರು ಇಂದಿಗೂ ಮದುವೆ ಮನೆಗಳಲ್ಲಿ ಅದನ್ನೇ ಹೇಳಿಕೊಂಡು ತಿರುಗುತ್ತಾರೆ.

ಹೋದ ವರ್ಷದ ಒಂದು ಬೆಳಗ್ಗೆ ನಮ್ಮ ಬೀದಿಯ ಕೊನೆ ಮನೆಯ ಆಂಟಿಯಿಂದ ಫೋಟೋ ಬಂತು. ನಿವೃತ್ತ ಟೀಚರ್. ಮಗಳು ಬಾಣಂತನಕ್ಕೆ ಬಂದಿದ್ದಳು, ಮೂರು ವಾರದ ಕೂಸು ಮನೆಯಲ್ಲಿತ್ತು. ಫೋಟೋದಲ್ಲಿ ಕೆಂಪು ತೇಪೆ, ನಡುವೆ ಉಬ್ಬಿದಂಥ ಏನೋ, ಅಷ್ಟೆ. ಕೆಳಗೆ 'ಇದೇನು ಡಾಕ್ಟ್ರೇ?'

ನಾನು ಟೈಪ್ ಮಾಡಿದೆ: 'ಕಾಣೋದನ್ನಷ್ಟೇ ಹೇಳ್ತೀನಿ ಆಂಟಿ. ಕೆಂಪಗಿದೆ, ಮಧ್ಯ ಗುಳ್ಳೆ ಥರ ಇದೆ. ಏನು ಅಂತ ಫೋಟೋ ನೋಡಿ ಹೇಳೋಕಾಗಲ್ಲ. ಯಾರಿಗೆ, ಎಲ್ಲಿ?'

'ಮೈ ಮೇಲೆ. ಹೆಸರು ಹೇಳಿ ಸಾಕು.'

ನನ್ನ ಕಿವಿ ನೆಟ್ಟಗಾಯಿತು. ಹೆಸರೊಂದೇ ಬೇಕೆನ್ನುವವರು ಏನನ್ನೋ ಮುಚ್ಚಿಡುತ್ತಾರೆ. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಕೆಂಪಿನ ಅಂಚು ಗೆರೆ ಎಳೆದಂತೆ ನಿಂತಿತ್ತು, ಅಲ್ಲಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ಚರ್ಮದ ಕೆಂಪು ಹಾಗಿರುವುದಿಲ್ಲ. ಅದು ಕೆಮ್ಮಣ್ಣು! ಸರ್ಪಸುತ್ತು ಎಂದು ಅನುಮಾನ ಬಂದರೆ ನಮ್ಮ ಕಡೆ ಇಂದಿಗೂ ಕೆಮ್ಮಣ್ಣು ತೇಯ್ದು ಬಳಿಯುವವರಿದ್ದಾರೆ. ಹೇರೋಹಳ್ಳಿಯಲ್ಲೊಬ್ಬ ಅಜ್ಜ ಅದಕ್ಕೆ ಹೆಸರುವಾಸಿ.

'ಏನೋ ಹಚ್ಚಿದೀರಿ. ತೊಳೆದು, ಕಿಟಕಿ ಬೆಳಕಲ್ಲಿ, ಸ್ವಲ್ಪ ದೂರದಿಂದ ಇನ್ನೊಂದು ಫೋಟೋ ತೆಗೀರಿ' ಎಂದೆ.

'ಮೂರು ದಿನ ತೊಳೀಬಾರದಂತೆ.'

ಅಲ್ಲಿಗೆ ಅಜ್ಜನ ವಿಷಯ ಖಾತ್ರಿಯಾಯಿತು. ಯಾರಿಗೆಂದು ಬಾಯಿಬಿಡದ ಮೇಲೆ ಅದು ಆಂಟಿಗೇ ಇರಬೇಕು. ಜೊತೆಗೆ ಬೇರೊಂದು ಸಂಶಯ ಎದ್ದು ಕೂತಿತು. ಸರ್ಪಸುತ್ತಿನ ಗುಳ್ಳೆಯ ನೀರು ತಾಕಿದರೆ ಕೂಸಿಗೆ ಸೀತಾಳೆ ಸಿಡುಬು ಬರಬಹುದು. ಈಯಮ್ಮ ದಿನಾ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವವರು. ನಾಲ್ಕು ಜನ ಏನೆನ್ನುತ್ತಾರೋ ಎಂದು ಬಚ್ಚಿಟ್ಟುಕೊಂಡು ಕೂಸನ್ನು ಎತ್ತಿ ಆಡಿಸುತ್ತಿದ್ದಾರಲ್ಲ ಎಂದು ಮೈಯೆಲ್ಲ ಉರಿಯಿತು. ಓದಿದವರ ಹಣೆಬರಹವೇ ಇಷ್ಟು ಎಂದುಕೊಂಡೆ.

ಫೋನ್ ಇಡುವ ಮೊದಲು ಮತ್ತೊಮ್ಮೆ ನೋಡಿದಾಗ, ಫೋಟೋದ ಕೆಳಮೂಲೆಯಲ್ಲಿ ಮೂರು ಕೂದಲು ಕಂಡವು. ಒತ್ತಾಗಿ, ಒಂದೇ ಕಡೆಗೆ ಬಾಗಿದವು. ಹುಬ್ಬು. ಎಂದರೆ ಇದು ಹಣೆ. ಹಣೆಯ ಸರ್ಪಸುತ್ತು ಕಣ್ಣಿಗೆ ಇಳಿದರೆ ದೃಷ್ಟಿಗೇ ಸಂಚಕಾರ. ಕಣ್ಣು ಹೇಗಿದೆಯೆಂದು ಆ ಫೋಟೋ ಹೇಳುತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೆ.

ಆಂಟಿ ಬಾಗಿಲನ್ನು ಗೇಣಷ್ಟೇ ತೆರೆದರು. ಸೆರಗನ್ನು ಹಣೆ ಮುಚ್ಚುವಂತೆ ಎಳೆದುಕೊಂಡಿದ್ದರು. ನಾನು ಕೇಳದೆ ಸೆರಗು ಸರಿಸಿದೆ. ಒಣಗಿದ ಕೆಮ್ಮಣ್ಣಿನ ನಡುವೆ, ಒಂದೇ ಪಕ್ಕ, ಹಣೆಯ ನಡುವಿನ ಗೆರೆ ದಾಟದ ಗುಳ್ಳೆಗಳು. ಮೂಗಿನ ತುದಿಯಲ್ಲೂ ಒಂದು. ಮೂಗಿನ ತುದಿಗೆ ಬಂದರೆ ಕಣ್ಣಿಗೂ ಬರುವ ಸಾಧ್ಯತೆ ಹೆಚ್ಚು.

"ಯಾವಾಗಿಂದ?"

"ಮೊನ್ನೆಯಿಂದ ಉರಿ. ನಿನ್ನೆ ಗುಳ್ಳೆ ಎದ್ವು."

"ಮಾತ್ರೆ ಬೇಗ ಶುರು ಮಾಡಿದಷ್ಟೂ ಒಳ್ಳೇದು. ಈಗಲೇ ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ, ನಡೀರಿ." ಆಮೇಲೆ ತಡೆಯಲಾರದೆ ಗದರಿಬಿಟ್ಟೆ. "ಮನೇಲಿ ಎಳೇ ಕೂಸು ಇದೆ ಆಂಟಿ! ಇದನ್ನ ಮುಚ್ಚಿಟ್ಕೊಂಡು ಎತ್ಕೊಂಡು ಓಡಾಡ್ತಾ ಇದೀರಲ್ಲ!"

ಒಳಗಿನಿಂದ ಕೂಸು ಅತ್ತಿತು. "ಅಮ್ಮಾ, ಸ್ವಲ್ಪ ಎತ್ಕೊಳ್ಳೇ" ಎಂದು ಮಗಳು ಕೂಗಿದಳು. ಆಂಟಿ ಕದಲಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಸೊಂಟ ನೋವು ಕಣೇ, ನೀನೇ ಎತ್ಕೋ" ಎಂದು ಒಳಗೆ ಕೂಗಿ, ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಉರಿ ಶುರುವಾದಾಗಿಂದ ಮುಟ್ಟಿಲ್ಲ ಡಾಕ್ಟ್ರೇ. ಸೊಂಟ ಅಂತ ಸುಳ್ಳು ಹೇಳ್ತಾ ಇದೀನಿ. ನಿಜ ಹೇಳಿದ್ರೆ ಅಳಿಯಂದ್ರು ಇವತ್ತೇ ಬಂದು ಇಬ್ರನ್ನೂ ಕರ್ಕೊಂಡು ಹೋಗ್ಬಿಡ್ತಾರೆ."

"ಮತ್ತೆ ಬರೀ ಇದೇನು, ಇದೇನು ಅಂತ ಯಾಕೆ ಕೇಳಿದ್ರಿ?"

"ಅಜ್ಜ ಸರ್ಪಸುತ್ತು ಅಂದ್ರು, ನಂಬಿಕೆ ಬರ್ಲಿಲ್ಲ. ನಿಮ್ಮಿಂದ ಹೆಸರು ಗೊತ್ತಾದ್ರೆ, ಕೂಸನ್ನ ಎಷ್ಟು ದಿನ ಮುಟ್ಟಬಾರದು ಅಂತ ನಾನೇ ಓದ್ಕೋತಿದ್ದೆ."

ನನಗೆ ನಾಚಿಕೆಯಾಯಿತು. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ, ಎಂದೆ. ಅವರು ತಲೆಯಾಡಿಸಿ, ಚಪ್ಪಲಿ ಮೆಟ್ಟುವ ಮೊದಲು, ಕೂಸು ಅಳು ನಿಲ್ಲಿಸುವವರೆಗೂ ಅಲ್ಲೇ ಬಾಗಿಲಿಗೆ ಕಿವಿಗೊಟ್ಟು ನಿಂತರು.