ಉಸಿರಿನ ಕವಲಿನೊಳಗೆ ಕಂಡದ್ದು

ಎಂಬತ್ತರ ದಶಕದಲ್ಲಿ ನಾನು ಬೆಂಗಳೂರಿನ ಒಂದು ಎದೆರೋಗದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಹುಟ್ಟಿ ಬೆಳೆದದ್ದು ಹೊಳವನಹಳ್ಳಿ. ನಮ್ಮ ಕಡೆಯ ರೋಗಿ ಬಂದರೆ ಮಾತಾಡಿಸಲು ಡಾಕ್ಟರಮ್ಮ ನನ್ನನ್ನೇ ಕರೆಯುತ್ತಿದ್ದರು.

ಆ ಸಲ ಬಂದವಳು ಬಡವನಹಳ್ಳಿ ಕಡೆಯ ಕುರಿ ಸಾಕುವ ಹೆಂಗಸು. ಒಣ ಕೆಮ್ಮು, ಸ್ವಲ್ಪ ನಡೆದರೂ ಏದುಸಿರು. ಕ್ಷಯವಿರಬೇಕೆಂದು ತಿಂಗಳುಗಟ್ಟಲೆ ಔಷಧಿ ಕೊಟ್ಟಿದ್ದರು, ಕಡಿಮೆಯಾಗಿರಲಿಲ್ಲ. ಕಫದಲ್ಲಿ ಕ್ಷಯದ ಕ್ರಿಮಿ ಒಮ್ಮೆಯೂ ಸಿಕ್ಕಿರಲಿಲ್ಲ. ಎಕ್ಸ್-ರೇಯಲ್ಲಿ ಎರಡೂ ಶ್ವಾಸಕೋಶಗಳಿಗೆ ಮಂಜು ಕವಿದಂತಿತ್ತು.

“ಕೆಮ್ಮಿದಾಗ ರಕ್ತ ಬಂದರೆ, ಗಡ್ಡೆಯ ಅನುಮಾನ ಇದ್ದರೆ, ಏನಾದರೂ ಸಿಕ್ಕಿಕೊಂಡಿದ್ದರೆ ಬ್ರಾಂಕೋಸ್ಕೋಪ್ ಕೊಳವೆ ಇಳಿಸಿ ಶ್ವಾಸನಾಳದೊಳಗೆ ನೋಡ್ತೀವಿ,” ಎಂದರು ಡಾಕ್ಟರಮ್ಮ. “ಇವರ ಕಾಯಿಲೆ ಇನ್ನೂ ಒಳಗಿದೆ, ಕಣ್ಣಿಗೆ ಕಾಣದ ಗಾಳಿಗೂಡುಗಳಲ್ಲಿ. ಅಲ್ಲಿ ತೊಳೆದು ಆ ನೀರನ್ನು ಪರೀಕ್ಷೆ ಮಾಡಬೇಕು. ಚೂರು ಕತ್ತರಿಸಿ ತೆಗೆಯೋಕೆ ಹೋದರೆ ರಕ್ತ ಹರಿಯಬಹುದು, ಶ್ವಾಸಕೋಶ ತೂತಾಗಿ ಗಾಳಿ ಸೋರಬಹುದು. ಅದು ಈಗ ಬೇಡ.”

ನಾನು ಅದನ್ನೇ ಅವಳಿಗೆ ಹೇಳಿದೆ. “ತೊಳೆಯುವಾಗ ಉಸಿರು ಕಟ್ದಂಗೆ ಆಯ್ತದೆ ಕಣಕ್ಕ. ಆಮೇಲೆ ಜ್ವರಾನೂ ಬರಬೌದು.”

“ನೀರು ಬುಟ್ರೆ ಮುಳುಗೋಗಕಿಲ್ವಾ, ಸಿಸ್ಟರಮ್ಮ?”

“ಒಸಿ ಒಸಿನೇ ಬುಟ್ಟು ವಾಪಸ್ ಎಳ್ಕತಾರೆ. ನಾನು ಪಕ್ಕದಲ್ಲೇ ಇರ್ತೀನಿ.”

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸಿದೆವು. ಪೆನ್ಸಿಲಿಗಿಂತ ತೆಳ್ಳಗಿನ ಕಪ್ಪು ಕೊಳವೆ ಮೂಗಿನಿಂದ ಇಳಿಯಿತು. “ಬಾ, ನೋಡು,” ಎಂದು ಡಾಕ್ಟರಮ್ಮ ಒಂದು ಗಳಿಗೆ ಕಣ್ಣಿಡಲು ಬಿಟ್ಟರು.

ಹಸಿ ಗುಲಾಬಿ ಬಣ್ಣದ ಸುರಂಗ. ಸುತ್ತಲೂ ಬಿಳಿ ಬಳೆಗಳು. ದಾರಿ ಎರಡಾಗುವಲ್ಲಿ ಚೂಪಾದ ಏಣು, ಅದರಾಚೆ ಕವಲೊಳಗೆ ಕವಲು. ಅವಳು ಉಸಿರೆಳೆದಾಗಲೆಲ್ಲ ಅಷ್ಟೂ ಅರಳುತ್ತಿತ್ತು. ಜೀವವಿರುವ ಒಂದು ಮೈಯೊಳಗೆ ನಿಂತಿದ್ದೇನೆ ಅನ್ನಿಸಿತು.

ಕೊಳವೆಯ ತುದಿಯನ್ನು ಬಲಗಡೆಯ ಒಂದು ಸಣ್ಣ ಕವಲಿಗೆ ಬಿಗಿಯಾಗಿ ಕೂರಿಸಿದರು. ನಾನು ಸಿರಿಂಜಿನಿಂದ ಸಲೈನ್ ಬಿಟ್ಟೆ. ಎಳೆದಾಗ ಅರ್ಧದಷ್ಟು ನೊರೆನೊರೆಯಾಗಿ ಹಿಂದಿರುಗಿತು. ಇನ್ನೊಮ್ಮೆ ಬಿಟ್ಟು ಎಳೆಯುವಾಗ ಕೆಮ್ಮಿ ಕೆಮ್ಮಿ ಅವಳ ತುಟಿ ನೀಲಿಯಾಯಿತು.

“ಮೇಡಂ, ತುಟಿ!” ಎಂದೆ.

ಕೊಳವೆ ತಕ್ಷಣ ಹೊರಬಂತು. ಆಕ್ಸಿಜನ್ ಹಿಡಿದೆ. ತುಟಿಗೆ ನಿಧಾನಕ್ಕೆ ಮತ್ತೆ ಕೆಂಪು ಏರಿತು. ಕಣ್ಣು ಬಿಟ್ಟು ನೀರು ಕೇಳಿದಳು. “ಗಂಟಲು ಮರಗಟ್ಟೈತೆ ಕಣಕ್ಕ, ಈಗ ಕುಡುದ್ರೆ ಶ್ವಾಸಕ್ಕೆ ಹೋಯ್ತದೆ. ಒಸಿ ತಡಿ,” ಎಂದೆ.

ಆ ನೊರೆನೀರನ್ನು ಪಾಲು ಮಾಡಿ ಕಳಿಸಿದೆವು: ಕ್ಷಯದ ಕ್ರಿಮಿಗೆ, ಬೇರೆ ಬ್ಯಾಕ್ಟೀರಿಯಾ ಮತ್ತು ಬೂಷ್ಟಿಗೆ, ಕ್ಯಾನ್ಸರ್ ಕಣಗಳಿಗೆ, ಯಾವ ಜಾತಿಯ ಕಣ ಎಷ್ಟಿವೆ ಎಂಬ ಎಣಿಕೆಗೆ. ವಾರಗಟ್ಟಲೆ ಕಾದರೂ ಕ್ಷಯದ ಕ್ರಿಮಿ ಬೆಳೆಯಲಿಲ್ಲ, ಬೇರೇನೂ ಸಿಗಲಿಲ್ಲ. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಮಾತ್ರ ವಿಪರೀತವಾಗಿದ್ದವು.

“ಉಸಿರಲ್ಲಿ ಹೋದ ಯಾವುದೋ ಧೂಳಿಗೆ ಹೀಗಾಗಿರಬಹುದು. ಮನೇಲಿ ಏನು ಕೆಲಸ ಮಾಡ್ತಾರೆ, ಕೇಳು,” ಎಂದರು ಡಾಕ್ಟರಮ್ಮ.

“ಕುರಿಗೆ ಕಡ್ಲೆಕಾಯ್ ಹೊಟ್ಟು ಕೊಡವ್ತೀನಿ,” ಎಂದಳು. “ನೆಂದು ಬೂಷ್ಟಿಡ್ದದೆ. ಕೊಡವಿದ್ ದಿನ ಸಂಜೆಗೆ ಜ್ವರ, ಎದೆ ಬಿಗಿತ.”

ಅಲ್ಲಿಗೆ ಒಗಟು ಬಿಡಿಸಿದಂತಾಯಿತು. ಬೂಷ್ಟಿನ ಧೂಳಿಗೆ ಶ್ವಾಸಕೋಶ ಕೆರಳಿ ಊದಿಕೊಂಡಿತ್ತು. ಧೂಳಿನಿಂದ ದೂರವಿರಿಸಿ, ಸ್ಟಿರಾಯ್ಡ್ ಮಾತ್ರೆ ಕೊಟ್ಟರು.

ಬೇಸಿಗೆಯಲ್ಲಿ ಮರಳಿ ಬಂದಾಗ ಅವಳು ಮೆಟ್ಟಿಲನ್ನು ನಿಲ್ಲದೆ ಹತ್ತಿದಳು. ಮಂಜು ಕರಗಿದ್ದ ಹೊಸ ಎಕ್ಸ್-ರೇಯನ್ನು ಕಿಟಕಿಗೆ ಹಿಡಿದು ತೋರಿಸಿದೆ. ಬಹಳ ಹೊತ್ತು ನೋಡಿ, “ಇಷ್ಟೊಂದು ಜಾಗ ಐತಾ ನನ್ನೊಳಗೆ?” ಎಂದಳು.