‘ಬರ್ತೀನಿ’ ಅನ್ನಬಾರದ ಮನೆ

ಸಾವಾದ ಮನೆಯಿಂದ ಹೊರಡುವಾಗ ನಮ್ಮ ಕಡೆ ಯಾರೂ ‘ಬರ್ತೀನಿ’ ಅನ್ನುವುದಿಲ್ಲ. ಸುಮ್ಮನೆ ಎದ್ದು, ತಿರುಗಿ ನೋಡದೆ ಹೋಗಬೇಕು. ಬರ್ತೀನಿ ಅಂದರೆ ಸಾವೂ ಮತ್ತೆ ಬಂದೀತೆಂಬ ಭಯ. ಆ ಒಂದು ಮಾತಿಗೆ ಇಷ್ಟು ಹೆದರುವ ನಾವು ಬಾಕಿ ಮಾತುಗಳನ್ನೆಲ್ಲ ಧಾರಾಳವಾಗಿ ಆಡಿಬಿಡುತ್ತೇವೆ. ನಾನೂ ಆಡಿದೆ. ನನ್ನ ಬಾಯಿಗೆ ಬೀಗವಿಲ್ಲ ಅಂತ ಅವ್ವ ಬೈಯುತ್ತಿದ್ದುದು ಸುಳ್ಳಲ್ಲ.

ಭೀಮನಬೀಡಿನ ನನ್ನ ಅಕ್ಕನ ಮಗಳು ಒಂಬತ್ತನೇ ವಯಸ್ಸಿಗೆ ಡೆಂಗ್ಯೂ ಜ್ವರದಲ್ಲಿ ಹೋದಳು. ಐದೇ ದಿನ. ಗುಂಡ್ಲುಪೇಟೆಯ ನನ್ನ ಟೈಲರ್ ಅಂಗಡಿಯಲ್ಲಿ ಅವಳ ಹಬ್ಬದ ಲಂಗ ಅರ್ಧ ಹೊಲಿದದ್ದು ಮಿಷನ್ ಮೇಲೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಜನ ಸಾಲುಸಾಲಾಗಿ ಬಂದರು. “ದೇವ್ರು ಒಳ್ಳೇವ್ರನ್ನೇ ಬೇಗ ಕರ್ಕತನೆ ಕಣವ್ವ” ಅಂದರು. “ಗಂಡು ಮಗ ಒಬ್ಬ ಅವ್ನಲ್ಲ, ಅವನ್ ಮೊಕ ನೋಡ್ಕಂಡು ಬದುಕು” ಅಂದರು. “ಅಳ್ಬ್ಯಾಡ, ಕೂಸಿಗೆ ನೆಮ್ಮದಿ ಇರಕಿಲ್ಲ” ಅಂದರು ಅಕ್ಕನ ಅತ್ತೆ. ಅಕ್ಕ ಪ್ರತಿಯೊಬ್ಬರಿಗೂ ತಲೆಯಾಡಿಸಿದಳು. ಬಂದವರಿಗೆ ಸಮಾಧಾನವಾಗಲೆಂದು ಅವಳೇ ಕಣ್ಣೊರೆಸಿಕೊಂಡಳು. ನಾನು ಎಲ್ಲರಿಗಿಂತ ಜಾಣೆಯಲ್ಲವೇ, ಅವಳ ಕೈ ಹಿಡಿದು, “ಎಲ್ಲದಕ್ಕೂ ಒಂದು ಕಾರಣ ಇರ್ತದೆ ಅಕ್ಕ” ಅಂದೆ. ಅವಳು ಮೊದಲ ಸಲ ಮುಖವೆತ್ತಿ ನನ್ನನ್ನು ನೋಡಿದಳು.

ಮೂರು ವಾರ ಕಳೆದು ಒಂದು ಬೆಳಿಗ್ಗೆ ಫೋನ್ ಬಂತು. ಅಕ್ಕನ ದನಿ ಹಗುರವಾಗಿತ್ತು.

“ಕಾರಣ ಸಿಕ್ತು ಕಣಮ್ಮಿ” ಅಂದಳು.

“ಏನಕ್ಕ?”

“ಆವತ್ತು ಇಸ್ಕೂಲಿಗೆ ಕಳುಸ್ದಲೆ ಚೆಂಡು ಹೂವ ಕೀಳಕ್ಕೆ ಕರ್ಕಂಡೋದೆ. ಮಳೇಲಿ ನೆನೀತು ಕೂಸು. ನಾನೇ ಕಾರಣ. ನೀ ಯೋಳಿದ್ದು ಸರಿ.”

ಫೋನ್ ಕಟ್ಟಾಯಿತು. ಅಂಗಡಿಗೆ ಬಾಗಿಲೆಳೆದು ಸಿಕ್ಕ ಆಟೋ ಹತ್ತಿದೆ. ದಾರಿಯುದ್ದಕ್ಕೂ ನನ್ನ ನಾಲಿಗೆಗೇ ಶಾಪ ಹಾಕಿದೆ. ಯಾರೋ ಕಾರಣವಿದೆ ಅಂದರೆ ಮಗು ಕಳೆದುಕೊಂಡವಳು ಅದನ್ನು ಹುಡುಕದೆ ಇರುತ್ತಾಳೆಯೇ? ಹುಡುಕುತ್ತ ಹೋದರೆ ಅವಳ ಕೈಗೆ ಮೊದಲು ಸಿಗುವವಳು ಅವಳೇ.

ಅಕ್ಕ ಮನೆಯನ್ನು ಹಬ್ಬದ ಮನೆಯಂತೆ ಸಾರಿಸಿದ್ದಳು. ಅದು ನನಗೆ ಹಿಡಿಸಲಿಲ್ಲ. ಒಳ್ಳೆಯ ಸೀರೆಗಳನ್ನೆಲ್ಲ ಗಂಟು ಕಟ್ಟಿ ಅಕ್ಕ ನಡುಮನೆಯಲ್ಲಿಟ್ಟಿದ್ದಳು. “ಇವನ್ನೆಲ್ಲ ನೀನೇ ತಗಂಡೋಗು, ನಂಗ್ಯಾಕೆ” ಅಂದಳು. ಹಿತ್ತಿಲ ಬಾಗಿಲು ತೆರೆದಿತ್ತು. ಆಚೆ ಹೊಲದ ಬಾವಿ. ಮಾತಾಡುವಾಗೆಲ್ಲ ಅವಳ ಕಣ್ಣು ಅತ್ತಲೇ ಹೋಗುತ್ತಿತ್ತು.

ಡೆಂಗ್ಯೂ ಬರುವುದು ಸೊಳ್ಳೆಯಿಂದ, ಮಳೆಯಿಂದಲ್ಲ ಎಂದು ವಾದಿಸಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಅದೂ ಅವಳ ಬಾಯಿ ಮುಚ್ಚಿಸುವ ಇನ್ನೊಂದು ಮಾತಾಗುತ್ತಿತ್ತು. ಪಕ್ಕದಲ್ಲಿ ಕುಳಿತೆ. “ನಾನು ಹೇಳಿದ್ದು ತಪ್ಪು ಅಕ್ಕ. ಯಾವ ಕಾರಣವೂ ನಂಗೆ ಗೊತ್ತಿಲ್ಲ. ಏನು ಹೇಳ್ಬೇಕು ಅಂತ್ಲೂ ಗೊತ್ತಾಗ್ತಿಲ್ಲ” ಅಂದೆ. ಆಮೇಲೆ ನೇರವಾಗಿ ಕೇಳಿದೆ: “ಸಾಯ್ಬೇಕು ಅನ್ಸ್ತದಾ?”

“ಊಂ ಕಣಮ್ಮಿ” ಅಂದಳು.

ಎದ್ದು ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿದೆ. ಹೊಲದಲ್ಲಿದ್ದ ಭಾವನಿಗೆ ಫೋನ್ ಮಾಡಿ ಕರೆಸಿದೆ. ಅವಳನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಲಿಲ್ಲ. ಮಗುವಿನ ಹೆಸರು ಹಿಡಿದು, ಅವಳು ಹೂ ಕೀಳುವಾಗ ಏನೇನು ಮಾತಾಡುತ್ತಿದ್ದಳು ಎಂದು ಕೇಳಿದೆ. ಮೂರು ವಾರದಿಂದ ಆ ಮನೆಯಲ್ಲಿ ಯಾರೂ ಆ ಹೆಸರೆತ್ತಿರಲಿಲ್ಲ. ಅಕ್ಕ ಕಿರುಚಿ ಅತ್ತಳು. ನಾನು ಅಳಬೇಡ ಅನ್ನಲಿಲ್ಲ. ನಾನೂ ಅತ್ತುಬಿಟ್ಟೆ.

ರಾತ್ರಿ ಅವಳ ಮಗ್ಗುಲಲ್ಲೇ ಮಲಗಿದೆ. ಮಾರನೆಯ ದಿನ ನಾನೂ ಭಾವನೂ ಅವಳನ್ನು ಚಾಮರಾಜನಗರದ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸಿದೆವು. ಅವರು ಮಾತ್ರೆ ಬರೆದು, ಮತ್ತೆ ಬರುವ ದಿನ ಹೇಳಿ, ಅಲ್ಲಿಯವರೆಗೆ ಸದಾ ಯಾರಾದರೂ ಜೊತೆಗಿರಲಿ ಅಂದರು. ವಾಪಸ್ಸು ಬಂದಾಗ ಸಂಜೆ ಬಿಸಿಲು ಬಾವಿಯ ಕಟ್ಟೆ ಮೇಲಿತ್ತು. ನನಗೆ ಇನ್ನೂ ಹೆದರಿಕೆ ಹೋಗಿರಲಿಲ್ಲ. ಆ ರಾತ್ರಿ ಜೊತೆಗಿರುತ್ತೇನೆಂದು ಭಾವ ಹೇಳಿದ ಮೇಲೆಯೇ ಹೊರಟೆ.

ಹೊಸ್ತಿಲಲ್ಲಿ ನಿಂತು, “ಏನಾದ್ರೂ ಬೇಕಿದ್ರೆ ಹೇಳು” ಅನ್ನುವವಳಿದ್ದೆ. ಅವಳು ಬಾಯಿ ಬಿಟ್ಟು ಏನನ್ನೂ ಕೇಳುವವಳಲ್ಲ.

“ನಾಳೆ ಬೆಳಿಗ್ಗೆ ಬರ್ತೀನಿ ಅಕ್ಕ. ತಿಂಡಿ ನಾನೇ ಮಾಡ್ತೀನಿ. ನೀ ಒಲೆ ಹಚ್ಬೇಡ” ಅಂದೆ.

ಅಕ್ಕನ ಅತ್ತೆ ಗದರಿಕೊಂಡರು. “ಥೂ! ಸತ್ ಮನೇಲಿ ಬತ್ತೀನಿ ಅಂದರಾ? ಬುಡ್ತು ಅನ್ನು!”

ನಾನು ಅನ್ನಲಿಲ್ಲ. ಅಕ್ಕ ಗೋಡೆಗೊರಗಿ ಕುಳಿತಿದ್ದಳು.

“ಎಷ್ಟೊತ್ಗೆ ಬತ್ತೀಯಮ್ಮಿ?” ಅಂದಳು.