ಮಲಗಿಸಿದ ಬಾದಶಹ

ನನ್ನ ಗಂಡನಿಗೆ ಅಂಟುವ ಎದೆರೋಗ ಬಂದ ವರ್ಷ ಆಳಂದದ ನಮ್ಮ ಮನೆಯೊಳಗೆ ಕಾಲಿಡುತ್ತಿದ್ದವರು ಒಬ್ಬರೇ, ನರೋಣಾದಲ್ಲಿದ್ದ ಅವರ ಬಾಲ್ಯದ ಗೆಳೆಯರು. ಉಳಿದವರು ಬಾಗಿಲಲ್ಲೇ ನಿಂತು ಕ್ಷೇಮ ಕೇಳಿ ಜಾಗ ಖಾಲಿ ಮಾಡುತ್ತಿದ್ದರು. ಅವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಗೆಳೆಯರು ಮಾತ್ರ ಸಂತೆಯ ದಿನ ಬಂದು ಹಾಸಿಗೆಯ ಪಕ್ಕದಲ್ಲೇ ಚದುರಂಗದ ಪಟ ಹಾಸುತ್ತಿದ್ದರು. ಇವರು, ನನ್ನ ಗಂಡ, ಗೆಳೆಯರನ್ನು ಎಂದೂ ಸೋಲಿಸಿರಲಿಲ್ಲ. ಸಾಯುವುದರೊಳಗೆ ಒಂದಾಟ ಗೆಲ್ಲಬೇಕೆಂಬ ಹಟವೊಂದೇ ಇವರಲ್ಲಿ ಉಳಿದಿತ್ತು.

ವಾರದ ಉಳಿದ ದಿನಗಳಿಗೆ ಜೊತೆ ಬೇಕಲ್ಲ, ನನಗೇ ಆಟ ಕಲಿಸಿದರು. ನಾನೋ, ಬಾದಶಹನಿಗೆ ಶಹ ಬಿದ್ದೊಡನೆ, ಎದುರಾಳಿಯ ಕಾಯಿ ಅವನಿಗೆ ಗುರಿಯಿಟ್ಟೊಡನೆ, ಆಟ ಮುಗಿಯಿತೆಂದು ಕೈ ಚೆಲ್ಲುವವಳು.

"ಅವಸರ ಮಾಡಬ್ಯಾಡ," ಎನ್ನುತ್ತಿದ್ದರು. "ಬಾದಶಹ ಸರಿಯಾಕ ಮನಿ ಅದ ಏನು? ಶಹ ಕೊಟ್ಟ ಕಾಯಿ ಹೊಡಿಯಾಕ ಆಗ್ತದೇನು? ನಡುವ ಯಾರರ ಅಡ್ಡ ನಿಲ್ತಾರೇನು? ಮೂರಕ್ಕೂ ಇಲ್ಲ ಅಂದ್ರ ಮಾತ್, ಆಟ ಮುಗೀತು."

ಒಂದು ಸಂತೆಯ ದಿನ ಇವರ ಆನೆ ಗೆಳೆಯರ ಹಿಂದಿನ ಸಾಲಿನ ತುದಿಗೆ ಹೋಗಿ, ಅದೇ ಸಾಲಿನಲ್ಲಿದ್ದ ಬಾದಶಹನಿಗೆ ಶಹ ಕೊಟ್ಟಿತು. ಗೆಳೆಯರು ಪಟವನ್ನು ಸರಿಯಾಗಿ ನೋಡಲೂ ಇಲ್ಲ, ತಮ್ಮ ಬಾದಶಹನನ್ನು ಮಲಗಿಸಿಬಿಟ್ಟರು.

"ಮಾತ್ ಆತಲೇ. ಗೆದ್ದಿ," ಅಂದರು.

ನಮ್ಮ ಕಡೆ ಮಲಗಿದ ಬಾದಶಹನನ್ನು ಸೋತವನು ಎಬ್ಬಿಸುವಂತಿಲ್ಲ. ಗೆದ್ದವನು ಬೇಕಾದರೆ ಎಬ್ಬಿಸಬಹುದು. ಇವರು ನನ್ನತ್ತ ತಿರುಗಿದರು.

"ನೀ ನೋಡು. ಮಾತ್ ಆಗೇದೇನು?"

"ಮುಂದಿನ ಮೂರೂ ಮನ್ಯಾಗ ಅವರವೇ ಪ್ಯಾದಿ ಕುಂತಾವ್ರಿ," ಅಂದೆ. "ಎಡಕ್ಕ ಸರದ್ರೂ ಬಲಕ್ಕ ಸರದ್ರೂ ಆ ಸಾಲಿನ್ಯಾಗ ಆನಿಗೇ ಸಿಗ್ತಾನ. ಆನಿ ಹೊಡಿಯಾಕ ಯಾವ ಕಾಯಿಗೂ ದಾರಿ ಇಲ್ಲ."

ಮೂರನೆಯದನ್ನು ನೋಡಿದೆ. ನಡುಪಟದಲ್ಲಿದ್ದ ಗೆಳೆಯರ ಒಂಟೆ ಓರೆಯಾಗಿ ಹಿಂದೆ ಬಂದು, ಆನೆಗೂ ಬಾದಶಹನಿಗೂ ನಡುವೆ ನಿಲ್ಲಬಹುದಿತ್ತು. ಗೆಳೆಯರು ಹೇಳಬೇಡವೆಂದು ಕಣ್ಣಲ್ಲೇ ಬೇಡಿಕೊಂಡರು. ಇವರು ಪಟ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ಸುಳ್ಳು ಹೇಳಿದ್ದರೆ ಆಟ ಇವರದಾಗುತ್ತಿತ್ತು.

"ಒಂಟಿ ಅಡ್ಡ ಬರ್ತದ್ರಿ," ಅಂದೆ.

ಇವರು ಕೆಮ್ಮುತ್ತಲೇ ಎದ್ದು ಕುಳಿತು ಗೆಳೆಯರ ಬಾದಶಹನನ್ನು ಎತ್ತಿ ನಿಲ್ಲಿಸಿದರು. "ಸಾಯಾವ ಅಂತ ಭಿಕ್ಷಾ ಹಾಕ್ತಿ ಏನಲೇ? ಆಡು."

ಗೆಳೆಯರು ಒಂಟೆಯನ್ನು ಅಡ್ಡ ಇಟ್ಟರು. ಆಟ ಬೆಳೆಯಿತು. ಕೊನೆಗೆ ಅವರ ಕುದುರೆ, ಮೂಲೆಯಲ್ಲಿದ್ದ ಇವರ ಬಾದಶಹನಿಗೆ ಶಹ ಕೊಟ್ಟಿತು. ಸುತ್ತಲಿನ ಮನೆಗಳಲ್ಲೆಲ್ಲ ತನ್ನವರೇ ತುಂಬಿದ್ದರು, ಸರಿಯಲು ಜಾಗವಿಲ್ಲ. ಕುದುರೆಯನ್ನು ಹೊಡೆಯುವವರಿಲ್ಲ. ಅದು ಜಿಗಿದು ಬರುವುದರಿಂದ ಅಡ್ಡ ನಿಲ್ಲುವ ಮಾತೇ ಇಲ್ಲ. ಇವರು ಬಹಳ ಹೊತ್ತು ನೋಡಿ, "ಇದು ಖರೇ ಮಾತ್," ಎಂದು ಮಲಗಿಕೊಂಡರು.

ಮುಂದಿನ ಸಂತೆಗೆ ಗೆಳೆಯರು ಬಂದಾಗ ಇವರಿರಲಿಲ್ಲ. ಅವರು ಕಟ್ಟೆಯ ಮೇಲೆ ಕುಳಿತು ಅತ್ತರು.

"ಅವತ್ತು ಸುಮ್ನಿರಬೇಕಿತ್ತು ವೈನಿ. ಗೆದ್ದು ಹೋಗ್ತಿದ್ದ."

"ಅವ್ರಿಗೆ ಒಂಟಿ ಮೊದಲೇ ಕಂಡಿತ್ರಿ," ಅಂದೆ. "ನಾನೂ ಸುಳ್ಳು ಹೇಳ್ತೇನೋ ಏನೋ ಅಂತ ನೋಡಾಕತ್ತಿದ್ರು."